ಪರೀಕ್ಷೆ ಟಾನಿಕ್: ಮಗುವಿಗೆ ಕೊಡುವ ಮೊದಲು ಲೇಬಲ್ ಓದುವುದು ಹೇಗೆ?

ಮಾನ್ಯ ಪೋಷಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಜ್ಞಾಪಕಶಕ್ತಿಯ ಟಾನಿಕ್ ಬಗ್ಗೆ ನಿಮ್ಮಲ್ಲಿ ಅನೇಕರು ಶಾಲೆಯ ಆರೋಗ್ಯ ಶಿಕ್ಷಕಿಯಾದ ನನ್ನನ್ನು ವಿಚಾರಿಸುತ್ತೀರಿ. ಬಾಟಲಿ ಕೊಳ್ಳುವ ಮುನ್ನ ಮಾಡಬೇಕಾದ ಕೆಲಸವನ್ನು ಇಲ್ಲಿ ಕ್ರಮವಾಗಿ ತಿಳಿಸುತ್ತೇನೆ.

ಮೊದಲು ಕ್ಯಾಲೆಂಡರ್ ನೋಡಿ. ಇಂಥ ಟಾನಿಕ್‌ಗಳ ಮುಖ್ಯ ಮೂಲಿಕೆಯಾದ ನೀರುಬ್ರಾಹ್ಮಿಯ ಅಧ್ಯಯನಗಳಲ್ಲಿ ಹೆಚ್ಚಿನವು ವಯಸ್ಕರ ಮೇಲೆ ನಡೆದಿದ್ದು, ಅಲ್ಪಸ್ವಲ್ಪ ಫಲ ಕಂಡಿದ್ದೂ ಸುಮಾರು 12 ವಾರ ನಿತ್ಯ ಸೇವಿಸಿದ ಮೇಲೆಯೇ. ಆದ್ದರಿಂದ ಪರೀಕ್ಷೆಗೆ ಹದಿನೈದು ದಿನ ಇರುವಾಗ ಆರಂಭಿಸಿದರೆ ಫಲ ನಿರೀಕ್ಷಿಸಲಾಗದು. ಹೊಟ್ಟೆ ತೊಳಸುವಿಕೆ, ಭೇದಿಯಂಥ ತೊಂದರೆಗಳು ಮಾತ್ರ ಆ ದಿನಗಳಲ್ಲೇ ಕಾಣಿಸಿಕೊಳ್ಳಬಹುದು.

ಎರಡನೆಯದಾಗಿ, ಲೇಬಲ್‌ನಲ್ಲಿ ಘಟಕಗಳ ಪಟ್ಟಿ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇವೆಯೇ ಎಂದು ಪರಿಶೀಲಿಸಿ. ಇವು ಯಾವುವೂ ಇಲ್ಲದ, ಪೊಟ್ಟಣದಲ್ಲಿ ಕಟ್ಟಿಕೊಡುವ ಪುಡಿಯನ್ನು ಮಗುವಿಗೆ ಕೊಡಲೇಬೇಡಿ.

ಔಷಧದ ಹೆಸರು ‘ಅರಿಷ್ಟ’ ಎಂದು ಮುಗಿದರೆ ಇನ್ನೂ ಎಚ್ಚರ ಬೇಕು. ಸಾರಸ್ವತಾರಿಷ್ಟವನ್ನೇ ನೋಡೋಣ. ಹುದುಗಿಸಿ ತಯಾರಿಸುವ ಈ ಔಷಧದಲ್ಲಿ ಮದ್ಯಸಾರ ತಾನಾಗಿಯೇ ಉತ್ಪತ್ತಿಯಾಗುತ್ತದೆ. ಅದರ ಪ್ರಮಾಣ ಸಾಮಾನ್ಯವಾಗಿ ಶೇ 5ರಿಂದ 10. ದೊಡ್ಡವರ ಅಳತೆಯಂತೆ 15 ಮಿ.ಲೀ. ಅನ್ನು ದಿನಕ್ಕೆರಡು ಬಾರಿ ಕುಡಿಸಿದರೆ, 30 ಮಿ.ಲೀ. ಔಷಧದೊಂದಿಗೆ ಒಂದೂವರೆಯಿಂದ 3 ಮಿ.ಲೀ. ಮದ್ಯಸಾರವೂ ಮಗುವಿನ ಹೊಟ್ಟೆ ಸೇರುತ್ತದೆ. ಹೀಗಾಗಿ ಮನೆಯ ಹಿರಿಯರಿಗೆ ತಂದ ಬಾಟಲಿಯಿಂದ ಮಕ್ಕಳಿಗೆ ಕೊಡುವುದು ಸರಿಯಲ್ಲ. ಮಕ್ಕಳಿಗೆ ಕೊಡಬಹುದೇ, ಕೊಟ್ಟರೆ ಎಷ್ಟು ಎಂಬುದನ್ನು ನೋಂದಾಯಿತ ಆಯುರ್ವೇದ ವೈದ್ಯರೇ ಹೇಳಬೇಕು.

ಅಶ್ವಗಂಧ ಸೇರಿದ್ದರೆ ಅದನ್ನೂ ಗುರುತಿಸಿಕೊಳ್ಳಿ, ಏಕೆಂದರೆ ಅದರಿಂದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಅಪಸ್ಮಾರಕ್ಕೋ ಥೈರಾಯ್ಡ್‌ಗೋ ಮಾತ್ರೆ ತೆಗೆದುಕೊಳ್ಳುತ್ತಿರುವ ಮಗುವಿಗೆ, ಆ ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೇಳದೆ ಯಾವ ಟಾನಿಕ್ಕನ್ನೂ ಕೊಡಬೇಡಿ.

ಮನೆಯ ಊಟದಲ್ಲಿ ಒಂದೆಲಗ ಬಳಸುವ ಬಗ್ಗೆ ನನಗೆ ಇಷ್ಟು ಅಳುಕಿಲ್ಲ. ಒಂದು ಹಿಡಿ ಎಲೆಯನ್ನು ಹಲವು ನೀರಿನಲ್ಲಿ ತೊಳೆದು (ತೇವದ ಜಾಗದಲ್ಲಿ ಬೆಳೆಯುವುದರಿಂದ ಕೊಳೆ ಅಂಟಿರುತ್ತದೆ), ತುಪ್ಪದಲ್ಲಿ ಜೀರಿಗೆ ಮತ್ತು ಎರಡು ಕಾಳುಮೆಣಸಿನೊಂದಿಗೆ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ಮಲೆನಾಡಿನ ತಂಬುಳಿ ಸಿದ್ಧವಾಗುತ್ತದೆ. ಇದು ಅನ್ನಕ್ಕೆ ಒಳ್ಳೆಯ ಜೊತೆ. ಅಂಕ ಹೆಚ್ಚಿಸುವ ಔಷಧವೆಂದು ಮಾತ್ರ ಭಾವಿಸಬೇಡಿ.

ಈಗಾಗಲೇ ಟಾನಿಕ್ ಕೊಡುತ್ತಿದ್ದು, ಮಗುವಿಗೆ ವಾಂತಿ, ಭೇದಿ, ಹಗಲಿನಲ್ಲೂ ತೂಕಡಿಕೆ ಅಥವಾ ಮೈಮೇಲೆ ದದ್ದು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕಣ್ಣು ಹಳದಿಯಾದರೆ ಅಥವಾ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ; ಹೋಗುವಾಗ ಬಾಟಲಿಯನ್ನೂ ಜೊತೆಗೆ ಕೊಂಡೊಯ್ಯಿರಿ.