ಎರಡನೇ ಟೈಮ್‌ಔಟ್‌ಗೆ ಹೋಗುವ ಮೆಸೇಜು

ಮಲ್ಲೇಶ್ವರಂನಲ್ಲಿ ನಮ್ಮದೊಂದು ಪುಟ್ಟ ಕುರುಕಲು ತಿಂಡಿ ಅಂಗಡಿ ಇದೆ. ನಿಪ್ಪಟ್ಟು, ಕೋಡುಬಳೆ, ಕಾಂಗ್ರೆಸ್ ಕಡ್ಲೆಬೀಜ ದಿನವೂ ಇರುತ್ತದೆ. ಸಂಜೆ ಮೆಣಸಿನಕಾಯಿ ಬಜ್ಜಿ ಕರೀತೀವಿ. ಎರಡು ಕಿ.ಮೀ. ಒಳಗೆ ನಮ್ಮ ಇಬ್ಬರು ಹುಡುಗರು ಸ್ಕೂಟರಿನಲ್ಲಿ ಮನೆಗೇ ತಲುಪಿಸುತ್ತಾರೆ. ಗಿರಾಕಿಗಳಿಗೆ ಸುದ್ದಿ ಹೋಗುವುದು ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ.

2024ರ ಐಪಿಎಲ್‌ನಲ್ಲಿ ನಾನು ಮೆಸೇಜು ಕಳಿಸುತ್ತಿದ್ದದ್ದು ಸರಿಯಾಗಿ ಏಳೂವರೆಗೆ. ಮ್ಯಾಚ್ ಶುರುವಾಗುವ ಹೊತ್ತು, ಎಲ್ಲರೂ ಟಿವಿ ಮುಂದೆ ಇರ್ತಾರೆ ಅಲ್ವಾ ಅನ್ನುವ ಲೆಕ್ಕ. ಆರ್ಡರ್ ಬಂತು, ಆದರೆ ಎಲ್ಲಾ ಒಟ್ಟಿಗೆ ಬಂತು. ಮೊದಲ ಇಪ್ಪತ್ತು ನಿಮಿಷದಲ್ಲಿ ಬಾಣಲೆ ಮುಂದೆ ಚೀಟಿ ಸಾಲು. ಬಜ್ಜಿ ಡಬ್ಬಿಯಲ್ಲೇ ಬೆವತು ಮೆತ್ತಗಾಗಿ, ಒಂಬತ್ತು ಗಂಟೆಗೆ ಮನೆ ಸೇರುತ್ತಿತ್ತು. ಗಿರಾಕಿಗಳು ಬೈಯಲಿಲ್ಲ. ಮುಂದಿನ ಮ್ಯಾಚ್‌ಗೆ ಆರ್ಡರ್ ಮಾಡಲಿಲ್ಲ, ಅಷ್ಟೆ. ಅದು ಇನ್ನೂ ಜಾಸ್ತಿ ನೋವು.

ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮಲ್ಲಿರುವುದು ಎರಡು ಬಾಣಲೆ. ಒಂದರಲ್ಲಿ ಒಂದು ಸಲಕ್ಕೆ 24 ಬಜ್ಜಿ, ಒಂದು ಒಬ್ಬೆಗೆ ಆರು ನಿಮಿಷ. ಪ್ಲೇಟಿಗೆ ನಾಲ್ಕರಂತೆ, ಅರ್ಧ ಗಂಟೆಗೆ 60 ಪ್ಲೇಟು. ಎಷ್ಟೇ ಚೆನ್ನಾಗಿ ಬರೆದರೂ ಅದಕ್ಕಿಂತ ಜಾಸ್ತಿ ಬಿಸಿ ಬಜ್ಜಿ ಕೊಡೋಕೆ ನಮ್ಮ ಕೈಲಾಗದು. ಹಾಗಾಗಿ ಎಷ್ಟು ಜನಕ್ಕೆ ಮೆಸೇಜು ಹೋಗಬೇಕು ಅನ್ನುವುದನ್ನು ಬಾಣಲೆ ನೋಡಿ ತೀರ್ಮಾನಿಸಬೇಕು. ಒಂದು ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರ ಮಿತಿ. ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ತಲುಪುತ್ತದೆ. ನಮಗೆ ಮೂರು ಲಿಸ್ಟ್ ಇವೆ. ಬಿಸಿ ಬಜ್ಜಿಯ ಮೆಸೇಜು ಒಂದು ಸಲಕ್ಕೆ ಒಂದೇ ಲಿಸ್ಟ್‌ಗೆ, ಸರದಿಯ ಮೇಲೆ.

2025ಕ್ಕೆ ಕೆಲಸವನ್ನು ಎರಡಾಗಿ ಒಡೆದೆ. ಸಂಜೆ ನಾಲ್ಕೂವರೆಗೆ ಒಣ ತಿಂಡಿಯ ಮೆಸೇಜು, ಮೂರೂ ಲಿಸ್ಟ್‌ಗೆ. ನಿಪ್ಪಟ್ಟು, ಕೋಡುಬಳೆ ಮಧ್ಯಾಹ್ನವೇ ಕಟ್ಟಿಟ್ಟಿರುತ್ತೇವೆ. ಆರೂಕಾಲಿಂದ ಏಳೂಕಾಲರೊಳಗೆ ಹುಡುಗರು ಒಂದೇ ಸುತ್ತಿನಲ್ಲಿ ಹಂಚಿ ಬರುತ್ತಾರೆ. ಬಿಸಿ ಬಜ್ಜಿಯ ಮೆಸೇಜು 8.50ಕ್ಕೆ, ಇನ್ನಿಂಗ್ಸ್ ಬ್ರೇಕ್‌ಗೆ ಮನೆಯಲ್ಲಿರಲಿ ಅಂತ. ನಮ್ಮ ಬೆಂಗಳೂರು ಟೀಂ ಆಡುವ ದಿನ ಮಾತ್ರ. ಸೀಸನ್‌ನಲ್ಲಿ 74 ಮ್ಯಾಚ್ ಇದ್ದರೂ ಲೀಗ್‌ನಲ್ಲಿ ನಮ್ಮವರದು 14. ದಿನಾ ಫೋನ್ ಕುಟ್ಟಿದರೆ ಜನ ಬ್ಲಾಕ್ ಮಾಡುತ್ತಾರೆ.

ಏಪ್ರಿಲ್ 18ರವರೆಗೆ ಇದು ಚೆನ್ನಾಗಿ ನಡೆಯಿತು. ಅವತ್ತು ಗುಡ್ ಫ್ರೈಡೇ, ರಜೆ. ಚಿನ್ನಸ್ವಾಮಿಯಲ್ಲಿ ಪಂಜಾಬ್ ಜೊತೆ ಮ್ಯಾಚ್. ಒಣ ತಿಂಡಿ ಎಂದಿಗಿಂತ ಜಾಸ್ತಿ ಹೋಯಿತು. ಆಮೇಲೆ ಮಳೆ. ಟಾಸ್ ಕೂಡ ಆಗಲಿಲ್ಲ. ನಾನು ಅಡುಗೆಮನೆಯಲ್ಲಿದ್ದೆ, ಮೆಸೇಜು ಕಳಿಸುವುದು ಅಕ್ಕನ ಮಗಳ ಕೆಲಸ. ಅವಳು ಹೇಳಿದ ಮಾತು ಮೀರುವವಳಲ್ಲ. ಗಡಿಯಾರ ನೋಡಿ ಸರಿಯಾಗಿ 8.50ಕ್ಕೆ ಕಳಿಸಿದಳು: 'ಇನ್ನಿಂಗ್ಸ್ ಬ್ರೇಕ್‌ಗೆ ಬಿಸಿ ಬಿಸಿ ಬಜ್ಜಿ!' ಗ್ರೌಂಡ್ ಮೇಲೆ ಇನ್ನೂ ಕವರ್ ಹೊದ್ದಿತ್ತು.

'ಚಿಕ್ಕಮ್ಮ, ಎಲ್ಲರೂ ಯಾವ ಇನ್ನಿಂಗ್ಸ್ ಅಂತ ಕೇಳ್ತಿದ್ದಾರೆ' ಅಂತ ಓಡಿ ಬಂದಳು. ತಪ್ಪು ಅವಳದ್ದಲ್ಲ. ಗಂಟೆ ಹೇಳಿಕೊಟ್ಟವಳು ನಾನು.

ಆದರೆ ಹಾಗೆ ಕೇಳಿದವರಲ್ಲೇ ಕೆಲವರು ಕೆಳಗೆ 'ಎರಡು ಪ್ಲೇಟ್ ಕಳ್ಸಿ' ಅಂತಲೂ ಬರೆದಿದ್ದರು. ಹನ್ನೊಂದು ಆರ್ಡರ್ ಬಂತು. ಹೊರಗೆ ಮಳೆ, ಒಳಗೆ ಕಾಯುವಿಕೆ, ಒಣ ತಿಂಡಿ ಆಗಲೇ ಖಾಲಿ. ಬಜ್ಜಿಗೆ ಅದಕ್ಕಿಂತ ಒಳ್ಳೆ ಹೊತ್ತು ಯಾವುದು? ಹೊತ್ತು ಸರಿಯಾಗಿಯೇ ಇತ್ತು, ಮಾತು ತಪ್ಪಾಗಿತ್ತು. 'ಕವರ್ ತೆಗೆಯೋವರೆಗೆ ಬಜ್ಜಿ ತಿನ್ನೋಣ' ಅಂತ ಏಳೂಕಾಲಿಗೇ ಬರೆದಿದ್ದರೆ ಆವತ್ತಿನ ಕಥೆಯೇ ಬೇರೆ ಇರುತ್ತಿತ್ತು.

ಆಟ ಕೊನೆಗೂ ಶುರುವಾಗಿದ್ದು ಒಂಬತ್ತೂ ಮುಕ್ಕಾಲಿಗೆ, ತಲಾ 14 ಓವರ್. ನಮ್ಮವರು 42ಕ್ಕೆ ಏಳು ವಿಕೆಟ್ ಕಳೆದುಕೊಂಡರು. ಆವತ್ತಿಗೆ ಬರೆದಿಟ್ಟಿದ್ದ ಇನ್ನೊಂದು ಮೆಸೇಜಿನಲ್ಲಿ 'ಸಿಕ್ಸರ್ ಸುರಿಮಳೆ' ಅಂತಿತ್ತು. ಕಳಿಸಬೇಡ ಅಂದೆ. ಟೀಂ ಕುಸಿಯುತ್ತಿರುವಾಗ ಯಾರಿಗೂ ಆರ್ಡರ್ ಮಾಡುವ ಮನಸ್ಸಿರುವುದಿಲ್ಲ. ಅಂಥ ಹೊತ್ತಲ್ಲಿ ಆಫರ್ ಬಂದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ನಿಜವಾದ ಬ್ರೇಕ್ ಬರುವಷ್ಟರಲ್ಲಿ ಹತ್ತೂವರೆ ದಾಟಿ, ನಾವು ಎಣ್ಣೆ ಇಳಿಸಿ ಆಗಿತ್ತು.

ಮಾರನೇ ದಿನವೇ ಗಂಟೆಯ ಲೆಕ್ಕ ಬಿಟ್ಟೆವು. ಬಜ್ಜಿಯ ಮೆಸೇಜಿಗೆ ಈಗ ಗುರುತು ಎರಡನೇ ಸ್ಟ್ರಾಟೆಜಿಕ್ ಟೈಮ್‌ಔಟ್. ಅದು 13ರಿಂದ 16ನೇ ಓವರ್ ಒಳಗೆ ಬರುತ್ತದೆ, ಎರಡೂವರೆ ನಿಮಿಷ ಇರುತ್ತದೆ. ಟಿವಿಯಲ್ಲಿ ಜಾಹೀರಾತು ಬಂದಾಗ ಜನ ತಾವಾಗಿಯೇ ಫೋನ್ ಎತ್ತಿಕೊಳ್ಳುತ್ತಾರೆ. ಅಲ್ಲಿಂದ ಇನ್ನಿಂಗ್ಸ್ ಮುಗಿಯಲು ಸುಮಾರು ಇಪ್ಪತ್ತು ನಿಮಿಷ, ಬ್ರೇಕ್ ಇನ್ನೊಂದು ಇಪ್ಪತ್ತು. ಕರಿದು, ಡಬ್ಬಿಗೆ ತೂತು ಮಾಡಿ, ತಲುಪಿಸಲು ಅಷ್ಟು ಸಾಕು. ಮೆಸೇಜಿನಲ್ಲೇ 'ಮೊದಲ 60 ಪ್ಲೇಟ್‌ಗೆ ಮಾತ್ರ' ಅಂತ ಬರೆಯುತ್ತೇವೆ, 60 ಆದ ಕೂಡಲೇ 'ಮುಗೀತು' ಅಂತ ಹಾಕುತ್ತೇವೆ. ಮಧ್ಯಾಹ್ನ ಮೂರೂವರೆ ಮ್ಯಾಚ್‌ಗೂ ಇದೇ ಗುರುತು. ಬ್ರೇಕ್ ಸರಿಯಾಗಿ ಕಾಫಿ ಹೊತ್ತಿಗೆ ಬರುವುದರಿಂದ ಅವತ್ತು 60 ಪ್ಲೇಟು ಬೇಗ ಮುಗಿಯುತ್ತದೆ.

ಮಾತುಗಳನ್ನೂ ಮೊದಲೇ ಬರೆದಿಡುತ್ತೇವೆ: ನಮ್ಮವರು ಚೆನ್ನಾಗಿ ಆಡುತ್ತಿದ್ದರೆ ಒಂದು, ಒದ್ದಾಡುತ್ತಿದ್ದರೆ ಒಂದು, ಮಳೆಗೆ ಒಂದು. ಒದ್ದಾಡುವಾಗಿನದು ತುಂಬಾ ಸಣ್ಣದು, 'ಬಜ್ಜಿ ರೆಡಿ ಇದೆ, ಬೇಕಿದ್ದರೆ ಹೇಳಿ.' ಯಾವುದರಲ್ಲೂ ಸ್ಕೋರ್ ಬರೆಯುವುದಿಲ್ಲ. ಮೊಬೈಲ್‌ನಲ್ಲಿ ನೋಡುವವರಿಗೆ ಆಟ ಟಿವಿಗಿಂತ ಸ್ವಲ್ಪ ತಡವಾಗಿ ಬರುತ್ತದೆ. ಅವರು ಬಾಲ್ ನೋಡುವ ಮೊದಲೇ ನಮ್ಮಿಂದ 'ಔಟ್' ಅಂತ ಹೋದರೆ ಸಿಟ್ಟು ಬರುತ್ತದೆ. ಟೂರ್ನಿಯ ಹೆಸರು, ಟೀಂ ಲೋಗೋ, ಆಟಗಾರರ ಫೋಟೋ ಕೂಡ ಹಾಕುವುದಿಲ್ಲ. ಅವು ಅವರವರ ಹಕ್ಕಿನ ಸ್ವತ್ತು, ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸಿದರೆ ನೋಟಿಸ್ ಬರಬಹುದು. ಬಾಣಲೆಯಿಂದ ಆಗ ತಾನೇ ಎತ್ತಿದ ಬಜ್ಜಿಯ ಫೋಟೋ ಸಾಕು.

ಮೇ 17, ಶನಿವಾರ. ಒಂದು ವಾರ ನಿಂತಿದ್ದ ಟೂರ್ನಿ ಮತ್ತೆ ಶುರುವಾಗಿದ್ದು ಇಲ್ಲೇ, ಕೋಲ್ಕತ್ತ ಜೊತೆ. ಮತ್ತೆ ಮಳೆ. ಈ ಸಲ ಟಾಸ್ ತಡ ಅಂತ ಗೊತ್ತಾದ ಕೂಡಲೇ ಅಕ್ಕನ ಮಗಳು ನನ್ನನ್ನು ಕೇಳದೆ ಮಳೆಯ ಮೆಸೇಜು ಕಳಿಸಿದ್ದಳು. ಮಳೆಯಲ್ಲಿ ಹುಡುಗರು ನಿಧಾನ ಹೋಗಲಿ ಅಂತ ಒಂದು ಕಿ.ಮೀ. ಒಳಗಿನ ಮನೆಗಳಿಗೆ ಮಾತ್ರ, 40 ಪ್ಲೇಟು. ಕಡ್ಲೆಹಿಟ್ಟು ಒಟ್ಟಿಗೆ ಕಲಸಿರಲಿಲ್ಲ, ಒಬ್ಬೆ ಒಬ್ಬೆಗೆ ಆಗಾಗಲೇ ಕಲಸುತ್ತಿದ್ದೆವು. ಒಂದು ಬಾಲ್ ಕೂಡ ಹಾಕದೆ ಮ್ಯಾಚ್ ರದ್ದಾಯಿತು. ನಮ್ಮ ಹತ್ತಿರ ಉಳಿದದ್ದು ಸೀಳಿಟ್ಟ ಒಂದು ಬುಟ್ಟಿ ಮೆಣಸಿನಕಾಯಿ. ಅದನ್ನು ಫ್ರಿಜ್‌ಗೆ ಇಟ್ಟು, ಭಾನುವಾರ ಸಂಜೆಯ ಮಾಮೂಲಿ ವ್ಯಾಪಾರಕ್ಕೆ ಬಳಸಿದೆವು.