ಬೆಳ್ಳಗಾದ ಸೀರಮ್‌ನಲ್ಲಿ ಟೋಟಲ್ ಪ್ರೋಟೀನ್: ಬೈಯುರೆಟ್ ಪರೀಕ್ಷೆಯ ನನ್ನ ಅನುಭವ

ನಮ್ಮ ಲ್ಯಾಬಿನಲ್ಲಿ ಟೋಟಲ್ ಪ್ರೋಟೀನ್ ದಿನನಿತ್ಯ ಕಿಟ್‌ನಲ್ಲೇ ಆಗುತ್ತದೆ. ಆದರೂ ಪ್ರೋಟೀನ್ ಸೇರಿದರೆ ನೇರಳೆಯಾಗುವ ಬೈಯುರೆಟ್ ರೀಏಜೆಂಟನ್ನು ನಾನು ಕೈಯಾರೆ ಮಾಡಿ ಇಟ್ಟುಕೊಳ್ಳುತ್ತೇನೆ. ಕಾರಣ ಇಷ್ಟೇ: ಕೊಬ್ಬು ತುಂಬಿದ ಸೀರಮ್ ಬಂದಾಗ ಅದರ ಮಬ್ಬನ್ನು ಬೇರೆಯಾಗಿ ಅಳೆದು ಕಳೆಯಲು ಸ್ಯಾಂಪಲ್ ಬ್ಲಾಂಕ್ ಹಾಕಬೇಕು. ಅದಕ್ಕೆ ತಾಮ್ರ ಇಲ್ಲದ ರೀಏಜೆಂಟ್ ಬೇಕು. ನಮಗೆ ಬರುವ ಕಿಟ್‌ನಲ್ಲಿ ಅದು ಇರುವುದಿಲ್ಲ.

ನಾನು ಬಳಸುವುದು 1949ರಲ್ಲಿ ಗೊರ್ನಾಲ್ ಮತ್ತು ಜೊತೆಯವರು ಕೊಟ್ಟ ಅಳತೆ. 1.5 ಗ್ರಾಂ ಕಾಪರ್ ಸಲ್ಫೇಟ್, ಅಂದರೆ ಅಡಿಕೆ ತೋಟದವರಿಗೆಲ್ಲ ಗೊತ್ತಿರುವ ಮೈಲುತುತ್ತ. ಆದರೆ ಲ್ಯಾಬಿಗೆ ಶುದ್ಧ ದರ್ಜೆಯದೇ ಬೇಕು. ಅದರ ಜೊತೆ 6 ಗ್ರಾಂ ಸೋಡಿಯಂ ಪೊಟಾಸಿಯಂ ಟಾರ್ಟ್ರೇಟ್. ಎರಡನ್ನೂ ಸುಮಾರು 500 ಮಿಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಪೂರ್ತಿ ಕರಗಿಸುತ್ತೇನೆ. ಆಮೇಲೆ 10% ಸೋಡಿಯಂ ಹೈಡ್ರಾಕ್ಸೈಡ್ 300 ಮಿಲಿಯನ್ನು ಫ್ಲಾಸ್ಕ್ ತಿರುಗಿಸುತ್ತಲೇ ನಿಧಾನವಾಗಿ ಸೇರಿಸುತ್ತೇನೆ. 1 ಗ್ರಾಂ ಪೊಟಾಸಿಯಂ ಅಯೊಡೈಡ್ ಹಾಕಿ, ನೀರು ಸೇರಿಸಿ 1 ಲೀಟರ್ ಮಾಡಿದರೆ ಮುಗಿಯಿತು.

ಇಲ್ಲಿ ಟಾರ್ಟ್ರೇಟ್ ಸುಮ್ನೆ ಇಲ್ಲ. ಅದಿಲ್ಲದೆ ಕ್ಷಾರ ಹಾಕಿದರೆ ತಾಮ್ರವೆಲ್ಲ ನೀಲಿ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಟಾರ್ಟ್ರೇಟ್ ತಾಮ್ರವನ್ನು ಹಿಡಿದು ದ್ರಾವಣದಲ್ಲೇ ಉಳಿಸುತ್ತದೆ. ಅಯೊಡೈಡ್ ಇದ್ದರೆ ತಾಮ್ರ ತಾನಾಗಿ ಅಪಕರ್ಷಣೆ ಆಗುವುದು ತಪ್ಪುತ್ತದೆ. ಕ್ಷಾರ ಗಾಜನ್ನು ತಿನ್ನುತ್ತದಾದ್ದರಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತೇನೆ. ಬಳಸುವ ಮೊದಲು ಬೆಳಕಿಗೆ ಹಿಡಿದು ತಳ ನೋಡುತ್ತೇನೆ. ತಳದಲ್ಲಿ ಕಪ್ಪು ಅಥವಾ ಕೆಂಪು ಪುಡಿ ಕಂಡರೆ ಆ ಬಾಟಲಿ ಚೆಲ್ಲುವುದೇ.

ಇದೇ ಅಳತೆಯಲ್ಲಿ, ಮೈಲುತುತ್ತ ಒಂದನ್ನು ಬಿಟ್ಟು, ಇನ್ನೊಂದು ಬಾಟಲಿ ಮಾಡುತ್ತೇನೆ. ಅದು ನೀರಿನ ಹಾಗೆ ಬಣ್ಣವಿಲ್ಲದೆ ಇರುತ್ತದೆ. ಸ್ಯಾಂಪಲ್ ಬ್ಲಾಂಕ್‌ಗೆ ಬೇಕಾದದ್ದು ಇದೇ.

ಬಣ್ಣ ಬರುವುದು ಹೇಗೆ ಅಂತ ಗೊತ್ತಿದ್ದರೆ ತೊಂದರೆ ಎಲ್ಲಿಂದ ಬರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಪ್ರೋಟೀನ್ ಅಂದರೆ ಪೆಪ್ಟೈಡ್ ಬಂಧಗಳ ಉದ್ದ ಸರಪಳಿ. ಗಟ್ಟಿ ಕ್ಷಾರದಲ್ಲಿ ಆ ಬಂಧಗಳ ನೈಟ್ರೋಜನ್ ತನ್ನ ಹೈಡ್ರೋಜನ್ ಬಿಟ್ಟುಕೊಡುತ್ತದೆ, ತಾಮ್ರದ ಅಯಾನನ್ನು ಹಿಡಿದುಕೊಳ್ಳುತ್ತದೆ. ಒಂದು ತಾಮ್ರದ ಸುತ್ತ ನಾಲ್ಕು ನೈಟ್ರೋಜನ್‌ಗಳವರೆಗೆ ಕೂರಬಹುದು. ಆಗ ನೀಲಿ ಹೋಗಿ ನೇರಳೆ ಬರುತ್ತದೆ. ಅದನ್ನು 540 ನ್ಯಾನೊಮೀಟರ್‌ನಲ್ಲಿ ಓದುತ್ತೇವೆ. ಯೂರಿಯಾ, ಬಿಡಿ ಅಮೈನೋ ಆಮ್ಲಗಳು ಈ ಬಣ್ಣ ಕೊಡುವುದಿಲ್ಲ. ಸರಪಳಿಯ ಬೆನ್ನೆಲುಬೇ ಬಣ್ಣ ಕೊಡುವುದರಿಂದ ಆಲ್ಬುಮಿನ್ ಆಗಲಿ ಗ್ಲೋಬ್ಯುಲಿನ್ ಆಗಲಿ, ಗ್ರಾಂ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಬಣ್ಣ. ಹಾಗಾಗಿಯೇ ಬರೀ ಆಲ್ಬುಮಿನ್ ಸ್ಟ್ಯಾಂಡರ್ಡ್ ಇಟ್ಟುಕೊಂಡು ಇಡೀ ಸೀರಮ್ ಅಳೆಯಬಹುದು.

ಆ ಸ್ಟ್ಯಾಂಡರ್ಡ್ ಸರಿ ಇರಬೇಕು, ಅಷ್ಟೇ. ದನದ ಸೀರಮ್ ಆಲ್ಬುಮಿನ್ ಪುಡಿ ತೇವ ಎಳೆದುಕೊಳ್ಳುತ್ತದೆ. ತಕ್ಕಡಿಯಲ್ಲಿ 6 ಗ್ರಾಂ ತೂಗಿದರೆ ಅದರಲ್ಲಿ ಒಂದಿಷ್ಟು ನೀರೂ ಇರುತ್ತದೆ. ಅದಕ್ಕೇ 100 ಮಿಲಿಯಲ್ಲಿ ಕರಗಿಸಿದ ಮೇಲೆ ಒಂದು ಪಾಲನ್ನು ಸಲೈನ್‌ನಲ್ಲಿ 100 ಪಟ್ಟು ತೆಳು ಮಾಡಿ 280 ನ್ಯಾನೊಮೀಟರ್‌ನಲ್ಲಿ ನೋಡುತ್ತೇನೆ. ಓಡಿ ಅಂದರೆ ಬೆಳಕು ಎಷ್ಟು ತಡೆಯಿತು ಅನ್ನುವ ಅಳತೆ; ಮಿಲಿಗೆ 1 ಮಿಲಿಗ್ರಾಂ ಆಲ್ಬುಮಿನ್‌ಗೆ ಅದು ಸುಮಾರು 0.66 ಬರುತ್ತದೆ. ನನ್ನದು 0.6 ಮಿಲಿಗ್ರಾಂ ಆದ್ದರಿಂದ 0.40ರ ಹತ್ತಿರ ಬರಬೇಕು. 0.37 ಬಂದರೆ ಸ್ಟ್ಯಾಂಡರ್ಡ್ 6 ಅಲ್ಲ, 5.6. ಈ ಓದಿಗೆ ಕ್ವಾರ್ಟ್ಜ್ ಕ್ಯುವೆಟ್ಟೇ ಬೇಕು, ಗಾಜು 280ರ ಬೆಳಕನ್ನು ತಾನೇ ಹೀರುತ್ತದೆ. ಹೊಸ ರೀಏಜೆಂಟ್ ಮಾಡಿದಾಗಲೆಲ್ಲ 2, 4, 6, 8, 10 ಗ್ರಾಂ ಪರ್ ಡಿಎಲ್ ಸ್ಟ್ಯಾಂಡರ್ಡ್ ಹಾಕಿ ಗೆರೆ ಎಳೆಯುತ್ತೇನೆ. ಗೆರೆ ನೇರವಾಗಿರಬೇಕು, ಸೊನ್ನೆಯ ಮೂಲಕ ಹೋಗಬೇಕು. ಮೇಲೆ ಬಾಗಿದರೆ ಆ ಮಟ್ಟದ ಸ್ಯಾಂಪಲನ್ನು ಸಲೈನ್‌ನಲ್ಲಿ ತೆಳು ಮಾಡಿ ಮತ್ತೆ ಹಾಕುತ್ತೇನೆ.

ಪರೀಕ್ಷೆ ಸುಲಭ. 50 ಮೈಕ್ರೋಲೀಟರ್ ಸೀರಮ್, 2.5 ಮಿಲಿ ರೀಏಜೆಂಟ್, ರೂಮಿನ ಬಿಸಿಯಲ್ಲಿ 30 ನಿಮಿಷ. ಸೀರಮ್ ದಪ್ಪಗಿರುವುದರಿಂದ ಟಿಪ್‌ನ ಹೊರಗೆ ಒಂದು ಹನಿ ಅಂಟಿಕೊಂಡೇ ಬರುತ್ತದೆ. ಅದನ್ನು ಟಿಶ್ಯೂನಲ್ಲಿ ಒರೆಸಿ, ಟಿಪ್ಪನ್ನು ರೀಏಜೆಂಟ್ ಒಳಗೆ ಮುಳುಗಿಸಿ ಬಿಟ್ಟು, ಎರಡು ಸಲ ಎಳೆದು ತೊಳೆಯಬೇಕು. ಸ್ಟ್ಯಾಂಡರ್ಡ್‌ಗೂ ಹಾಗೇ ಮಾಡಬೇಕು. ರೀಏಜೆಂಟಿನ ನೀಲಿಯೂ 540ರಲ್ಲಿ ಸ್ವಲ್ಪ ಹೀರುತ್ತದೆ. ಆದ್ದರಿಂದ ಪ್ರತಿ ಬ್ಯಾಚಿಗೂ ರೀಏಜೆಂಟ್ ಬ್ಲಾಂಕ್ ಇರಲೇಬೇಕು.

ಈಗ ಆ ಬೆಳ್ಳಗಿನ ಸೀರಮ್ ವಿಷಯ. ಊಟ ಮಾಡಿ ಬಂದಿದ್ದ ಒಬ್ಬ ಡಯಾಬಿಟಿಸ್ ರೋಗಿಯ ಸ್ಯಾಂಪಲ್. ಸೆಂಟ್ರಿಫ್ಯೂಜ್‌ನಿಂದ ತೆಗೆದಾಗ ಸೀರಮ್ ಹಾಲಿನಂತಿತ್ತು. 6 ಗ್ರಾಂ ಸ್ಟ್ಯಾಂಡರ್ಡ್‌ನ ಓಡಿ 0.350, ಸ್ಯಾಂಪಲ್‌ನದು 0.490. ಲೆಕ್ಕ ಹಾಕಿದರೆ 8.4. ಬ್ಲಾಂಕ್ ಕಳೆದು ಮಾಡಿದ ಆಲ್ಬುಮಿನ್ 4.0 ಇತ್ತು. ಅಂದರೆ ಗ್ಲೋಬ್ಯುಲಿನ್ 4.4, ಎ/ಜಿ ರೇಶಿಯೋ 1ಕ್ಕಿಂತ ಕೆಳಗೆ. ಫೋನ್ ಮಾಡಿದಾಗ ಡಾಕ್ಟರ್ ಕೇಳಿದರು: "ಗ್ಲೋಬ್ಯುಲಿನ್ ಇಷ್ಟು ಜಾಸ್ತಿನಾ? ಎಲೆಕ್ಟ್ರೋಫೋರೆಸಿಸ್‌ಗೆ ಕಳಿಸೋಣವಾ?"

"ಸ್ವಲ್ಪ ತಡೀರಿ ಸರ್, ಬ್ಲಾಂಕ್ ಹಾಕಿ ಹೇಳ್ತೀನಿ" ಅಂದೆ. ಅದೇ ಸೀರಮ್ 50 ಮೈಕ್ರೋಲೀಟರನ್ನು ತಾಮ್ರ ಇಲ್ಲದ ರೀಏಜೆಂಟ್ 2.5 ಮಿಲಿಗೆ ಹಾಕಿದೆ. ಅದೇ ರೀಏಜೆಂಟಿಗೆ ಸೊನ್ನೆ ಮಾಡಿ ಓದಿದೆ. 0.093 ಬಂತು. ಇದರಲ್ಲಿ ನೇರಳೆ ಬಣ್ಣ ಒಂದಿಷ್ಟೂ ಇಲ್ಲ. ಕೊಬ್ಬಿನ ಕಣಗಳು ಬೆಳಕನ್ನು ಚದುರಿಸಿದ್ದು ಮಾತ್ರ. 0.490ರಲ್ಲಿ 0.093 ಕಳೆದರೆ 0.397. ಅದು 6.8 ಗ್ರಾಂ. ಗ್ಲೋಬ್ಯುಲಿನ್ 2.8, ರೇಶಿಯೋ 1.4. ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ತೆಗೆದ ತಿಳಿ ಸೀರಮ್‌ನಲ್ಲಿ 6.9 ಬಂತು. ಎಲೆಕ್ಟ್ರೋಫೋರೆಸಿಸ್ ಬೇಕಾಗಲಿಲ್ಲ.

ಪರೀಕ್ಷೆ ಸರಿ ಇದೆಯೇ ಅಂತ ನೋಡಲು ಹಾಕುವ ಕ್ಯೂಸಿ ಆ ದಿನ ಸರಿಯಾಗಿಯೇ ಇತ್ತು ಅನ್ನುವುದನ್ನು ಗಮನಿಸಬೇಕು. ಕ್ಯೂಸಿ ಸೀರಮ್ ತಿಳಿಯಾಗಿರುತ್ತದೆ, ಈ ತಪ್ಪನ್ನು ಅದು ತೋರಿಸುವುದಿಲ್ಲ. ತೋರಿಸುವುದು ಟ್ಯೂಬ್ ನೋಡುವ ಕಣ್ಣು ಮಾತ್ರ. ಕಾಮಾಲೆಯ ಗಾಢ ಹಳದಿ ಸೀರಮ್‌ಗೂ ನಾನು ಬ್ಲಾಂಕ್ ಹಾಕುತ್ತೇನೆ.

ಆದರೆ ಎಲ್ಲದಕ್ಕೂ ಬ್ಲಾಂಕ್ ಮದ್ದಲ್ಲ. ರಕ್ತ ಒಡೆದ ಸ್ಯಾಂಪಲ್‌ನಲ್ಲಿ ಹಿಮೋಗ್ಲೋಬಿನ್‌ನ ಕೆಂಪು ಬಣ್ಣವೂ 540ರಲ್ಲಿ ಹೀರುತ್ತದೆ. ಜೊತೆಗೆ ಅದು ತಾನೇ ಒಂದು ಪ್ರೋಟೀನ್, ತಾಮ್ರದ ಜೊತೆ ನೇರಳೆಯನ್ನೂ ಕೊಡುತ್ತದೆ. ಬ್ಲಾಂಕ್ ಕಳೆದರೆ ಕೆಂಪು ಹೋಗುತ್ತದೆ, ಕೆಂಪು ಕಣದಿಂದ ಬಂದ ಪ್ರೋಟೀನ್ ಉಳಿಯುತ್ತದೆ. ಇಂಥದ್ದಕ್ಕೆ ಹೊಸ ಸ್ಯಾಂಪಲ್ ಕೇಳುವುದೇ ಸರಿ. ಡೆಕ್ಸ್ಟ್ರಾನ್ ಡ್ರಿಪ್ ಹಾಕಿಸಿಕೊಂಡವರ ಸೀರಮ್ ಇನ್ನೊಂದು ಬಗೆ. ಟ್ಯೂಬಿನಲ್ಲಿ ತಿಳಿಯಾಗಿ ಕಾಣುತ್ತದೆ, ಆದರೆ ತಾಮ್ರದ ಟಾರ್ಟ್ರೇಟ್ ಸೇರಿದ ಮೇಲೆ ಮಬ್ಬಾಗುತ್ತದೆ. ಬ್ಲಾಂಕ್‌ನಲ್ಲಿ ತಾಮ್ರವೇ ಇಲ್ಲವಲ್ಲ, ಆ ಮಬ್ಬು ಅಲ್ಲಿ ಬರುವುದೇ ಇಲ್ಲ. ಆದ್ದರಿಂದ 30 ನಿಮಿಷ ಆದ ಮೇಲೆ ಓದುವ ಮೊದಲು ಪ್ರತಿ ಟ್ಯೂಬನ್ನೂ ಒಂದು ಸಾಲು ಅಕ್ಷರದ ಮುಂದೆ ಹಿಡಿಯುತ್ತೇನೆ. ಅಕ್ಷರ ಮಸುಕಾದರೆ ಆ ಓಡಿಯನ್ನು ರಿಪೋರ್ಟಿಗೆ ಹಾಕುವುದಿಲ್ಲ. ರೋಗಿಗೆ ಯಾವ ಡ್ರಿಪ್ ಹೋಗಿದೆ ಅಂತ ವಾರ್ಡಿಗೆ ಫೋನ್ ಮಾಡಿ ಕೇಳುತ್ತೇನೆ.