ಒಂದು ಪ್ಲ್ಯಾನ್‌ಗೆ ಎರಡು ಸಲ ದುಡ್ಡು: ಕೆಲಸಕ್ಕೆ ಬಂದದ್ದು ಎರಡನೇ ಪತ್ರ

ಪುಸ್ತಕಗಳ ಮುಖಪುಟ, ಒಳಪುಟ ವಿನ್ಯಾಸ ಮಾಡುವುದು ನನ್ನ ಕೆಲಸ. ಹನುಮಂತನಗರದ ಮನೆಯ ಹಿಂದಿನ ಕೋಣೆಯೇ ಆಫೀಸು. ಸಂಬಳ ಅಂತ ಬರುವುದಿಲ್ಲ, ಪ್ರಕಾಶಕರು ಕೊಟ್ಟಾಗ ದುಡ್ಡು. ಹಾಗಾಗಿ ಕಳೆದ ಜೂನ್ 11ರಂದು ಒಂದೇ ಬೆಳಿಗ್ಗೆ, ಒಂದೇ ಸಾಫ್ಟ್‌ವೇರ್‌ಗೆ, ಒಂದೇ ವರ್ಷದ ಚಂದಾ ಎರಡು ಸಲ ಹೋದಾಗ ನನಗೆ ಆದ ಸಂಕಟ ಬಿಡಿಸಿ ಹೇಳಬೇಕಿಲ್ಲ. ಪ್ಲ್ಯಾನ್ ಬೆಲೆ ₹9,999, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ₹11,798.82. ಎರಡು ಸಲ.

ಆದದ್ದು ಹೀಗೆ. ಬೆಳಿಗ್ಗೆ ಒಂಬತ್ತಕ್ಕೆ ಸಾಫ್ಟ್‌ವೇರ್ ತೆರೆದರೆ "ನಿಮ್ಮ ಪ್ಲ್ಯಾನ್ ಮುಗಿದಿದೆ, ನವೀಕರಿಸಿ" ಅಂತ ಒಂದು ಪರದೆ. ಅದರ ಹಿಂದೆ ನನ್ನ ಮುಖಪುಟ ಮಸುಕಾಗಿ ಕಾಣಿಸುತ್ತಿದೆ, ಮುಟ್ಟಲು ಆಗುತ್ತಿಲ್ಲ. ಅಷ್ಟರಲ್ಲಿ ಚಾಮರಾಜಪೇಟೆಯ ಪ್ರೆಸ್ಸಿನಿಂದ ಫೋನು: "ಮೇಡಂ, ಹನ್ನೊಂದಕ್ಕೆ ಪ್ಲೇಟ್ ಹಾಕ್ಬೇಕು, ಫೈಲ್ ಇನ್ನೂ ಬಂದಿಲ್ವಲ್ಲಾ?" ನಾನು ಯೋಚಿಸಲಿಲ್ಲ. ಯುಪಿಐ ಕ್ಯೂಆರ್ ಸ್ಕ್ಯಾನ್ ಮಾಡಿ ಕಟ್ಟಿದೆ, ಪರದೆ ಸರಿಯಿತು, ಫೈಲ್ ಕಳಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಎಸ್‌ಎಂಎಸ್‌ಗಳನ್ನು ನೋಡುವಾಗ ಕಂಡಿತು: ಅದೇ ಬೆಳಿಗ್ಗೆ 6:40ಕ್ಕೆ ಕ್ರೆಡಿಟ್ ಕಾರ್ಡಿನಿಂದ ಅದೇ ಮೊತ್ತ ಹೋಗಿದೆ.

ಹಿಂದಿನ ವರ್ಷ ಕಾರ್ಡಿಗೆ ಆಟೋ-ಪೇ ಒಪ್ಪಿಗೆ ಕೊಟ್ಟಿದ್ದೆ. ಮರೆತಿದ್ದೆ. 2021ರ ಅಕ್ಟೋಬರ್‌ನಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ತಿಳಿಸಬೇಕು. ತಿಳಿಸಿತ್ತು ಕೂಡ. ಜೂನ್ 10ರ ನಸುಕಿನ ಆ ಎಸ್‌ಎಂಎಸ್ ಸಾಲದ ಜಾಹೀರಾತುಗಳ ನಡುವೆ ಸುಮ್ಮನೆ ಕೂತಿತ್ತು. ಹದಿನೈದು ಸಾವಿರದೊಳಗಿನ ಮೊತ್ತವಾದ್ದರಿಂದ ಓಟಿಪಿಯನ್ನೂ ಕೇಳಲಿಲ್ಲ. ಕಾರ್ಡಿನಿಂದ ದುಡ್ಡು ಹೋದ ಸುದ್ದಿ ಕಂಪನಿಯ ವ್ಯವಸ್ಥೆಗೆ ತಡವಾಗಿ ತಲುಪಿತಂತೆ, ಅದಕ್ಕೇ ಒಂಬತ್ತಕ್ಕೆ ಆ ಪರದೆ. ಇದು ನನಗೆ ಗೊತ್ತಾದದ್ದು ವಾರದ ನಂತರ.

ಮೊದಲು ಬ್ಯಾಂಕಿಗೆ ಫೋನು ಮಾಡಿದೆ. ಆ ಹುಡುಗ ತಾಳ್ಮೆಯಿಂದಲೇ ಹೇಳಿದ: "ಮೇಡಂ, ಎರಡೂ ನೀವೇ ಓಕೆ ಮಾಡಿರೋ ಪೇಮೆಂಟು. ಫ್ರಾಡ್ ಅಲ್ಲ. ಮೊದ್ಲು ಕಂಪನೀಗೆ ಬರೀರಿ, ಅವ್ರು ಕೊಡ್ಲಿಲ್ಲ ಅಂದ್ರೆ ನಾವು ಡಿಸ್‌ಪ್ಯೂಟ್ ತಗೋತೀವಿ." ಆಗ ಸಿಟ್ಟು ಬಂತು, ಈಗ ಅನ್ನಿಸುತ್ತದೆ ಅವನು ಹೇಳಿದ್ದೇ ಸರಿ. ಬ್ಯಾಂಕ್ ಮೂಲಕ ದುಡ್ಡು ಎಳೆದುಕೊಂಡರೆ ಕಂಪನಿ ಖಾತೆಯನ್ನೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನನ್ನ ಆರು ವರ್ಷದ ಫೈಲುಗಳು ಆ ಖಾತೆಯಲ್ಲಿವೆ.

ಅವತ್ತು ಸಂಜೆಯೇ ಸಪೋರ್ಟ್‌ಗೆ ಮೊದಲ ಪತ್ರ ಬರೆದೆ. ವಿಷಯದ ಸಾಲಿನಲ್ಲಿ "ರೀಫಂಡ್ ಬೇಕು, ತುರ್ತು". ಒಳಗೆ ಪ್ರೆಸ್ಸಿನ ಅವಸರ, ಆರು ವರ್ಷದ ಗಿರಾಕಿತನ, ಫ್ರೀಲಾನ್ಸರ್ ಬದುಕಿನ ಕಷ್ಟ, ನಾಲ್ಕು ಪ್ಯಾರಾ. ಎರಡು ದಿನದ ಮೇಲೆ ಉತ್ತರ ಬಂತು: ವಾರ್ಷಿಕ ಪ್ಲ್ಯಾನ್‌ಗಳಿಗೆ ರೀಫಂಡ್ ಇಲ್ಲ, ಬೇಡವಾದರೆ ಮುಂದಿನ ವರ್ಷದ ನವೀಕರಣ ರದ್ದು ಮಾಡಿಕೊಳ್ಳಬಹುದು.

ಆ ಉತ್ತರವನ್ನು ನಾಲ್ಕೈದು ಸಲ ಓದಿದೆ. ಅವರು ಉತ್ತರಿಸಿದ್ದು ನಾನು ಕೇಳದ ಪ್ರಶ್ನೆಗೆ. "ತಗೊಂಡೆ, ಈಗ ಬೇಡ" ಅನ್ನುವವರಿಗೆ ಕೊಡುವ ಉತ್ತರ ಅದು. ನನಗೆ ಪ್ಲ್ಯಾನ್ ಬೇಕು, ಒಂದು ಬೇಕು, ಒಂದಕ್ಕೆ ಕಟ್ಟಿದ್ದೇನೆ, ಇನ್ನೊಂದು ಹೆಚ್ಚಿಗೆ ಬಂದಿದೆ. ಆದರೆ ನಾನೇ "ರೀಫಂಡ್" ಅಂತ ದೊಡ್ಡದಾಗಿ ಬರೆದಿದ್ದೆ, ಅವರ ಕಣ್ಣಿಗೆ ಬಿದ್ದದ್ದು ಅದೊಂದೇ ಪದ. ದಿನಕ್ಕೆ ನೂರಾರು ಪತ್ರ ನೋಡುವವರು ನನ್ನ ಪ್ರೆಸ್ಸಿನ ಕಥೆ ಏಕೆ ಓದುತ್ತಾರೆ?

ಹಾಗಾದರೆ ಹೆಚ್ಚಿಗೆ ಬಂದಿದೆ ಅನ್ನುವುದಕ್ಕೆ ಸಾಕ್ಷಿ ಏನು? ಎರಡು ಕಡಿತದ ಎಸ್‌ಎಂಎಸ್ ಸಾಕು ಅಂದುಕೊಂಡಿದ್ದೆ. ಸಾಲದು. ಒಬ್ಬರೇ ಎರಡು ಲೈಸೆನ್ಸ್ ಕೊಳ್ಳುವುದೂ ಉಂಟು, ಎರಡು ಇಮೇಲ್‌ನಲ್ಲಿ ಎರಡು ಖಾತೆ ಇರುವವರೂ ಉಂಟು. ಖಾತೆಯ ಬಿಲ್ಲಿಂಗ್ ಪುಟ ತೆರೆದು ನೋಡಿದೆ. ಎರಡು ಇನ್‌ವಾಯ್ಸ್ ಇದ್ದವು, ಒಂದರ ಕೊನೆಯ ಅಂಕಿ 417, ಇನ್ನೊಂದು 431. ಎರಡರಲ್ಲೂ ಅದೇ ಇಮೇಲ್, ಅದೇ ಒಂದು ಲೈಸೆನ್ಸ್, ಅದೇ ಅವಧಿ, ಜೂನ್ 11ರಿಂದ ಮುಂದಿನ ಜೂನ್ 10ರವರೆಗೆ. ಪುಟದ ಮೇಲ್ಭಾಗದಲ್ಲಿ ಪ್ಲ್ಯಾನ್ ಮುಗಿಯುವ ದಿನಾಂಕವೂ ಮುಂದಿನ ಜೂನ್ 10 ಅಂತಲೇ ಇತ್ತು, ಅದರ ಮುಂದಿನ ವರ್ಷದ್ದಲ್ಲ. ಎರಡನೇ ದುಡ್ಡಿಗೆ ಅವರು ನನಗೆ ಒಂದು ದಿನವನ್ನೂ ಕೊಟ್ಟಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆ ಪುಟದ ಸ್ಕ್ರೀನ್‌ಶಾಟ್ ತಕ್ಷಣ ತೆಗೆದಿಟ್ಟೆ, ಏಕೆಂದರೆ ಯಾರಾದರೂ "ಸರಿಮಾಡಿದ್ದೇವೆ" ಅಂತ ದಿನಾಂಕ ಮುಂದೂಡಿದರೆ ಸಾಕ್ಷಿಯೇ ಹೋಗುತ್ತದೆ.

ಇನ್ನೊಂದು ವಿಷಯ ತೀರ್ಮಾನಿಸಬೇಕಿತ್ತು: ಎರಡರಲ್ಲಿ ಯಾವುದನ್ನು ವಾಪಸ್ ಕೇಳುವುದು? ಮೊದಲ ಪತ್ರದಲ್ಲಿ "ಒಂದನ್ನು ಹಿಂದಿರುಗಿಸಿ" ಅಂತ ಬರೆದಿದ್ದೆ. ಅದು ಅಪಾಯದ ಮಾತು. ಚಂದಾ ಅಂಟಿಕೊಂಡಿರುವುದು ಕಾರ್ಡಿನ ಆಟೋ-ಪೇಗೆ. ಅವರು ಕಾರ್ಡಿನ ದುಡ್ಡು ಹಿಂದಿರುಗಿಸಿದರೆ ಜೊತೆಗೆ ಚಂದಾವೂ ರದ್ದಾಗಿ ಮತ್ತೆ ಆ ಮಸುಕು ಪರದೆ ಬರಬಹುದು. ಯುಪಿಐಯಲ್ಲಿ ಕಟ್ಟಿದ್ದು ಒಂದೇ ಸಲದ್ದು, ಅದಕ್ಕೆ ಏನೂ ಅಂಟಿಕೊಂಡಿಲ್ಲ. ಅದನ್ನೇ ಕೇಳಿದೆ. ಯುಪಿಐ ಆ್ಯಪಿನಲ್ಲಿ ಆ ಪಾವತಿಯ ವಿವರ ತೆರೆದರೆ 12 ಅಂಕಿಯ ಯುಟಿಆರ್ ಸಂಖ್ಯೆ ಸಿಗುತ್ತದೆ. ಬ್ಯಾಂಕು, ಕಂಪನಿಯ ಪರವಾಗಿ ದುಡ್ಡು ಪಡೆಯುವ ಪೇಮೆಂಟ್ ಗೇಟ್‌ವೇ, ಎರಡೂ ಕಡೆ ಹುಡುಕಲು ಸಿಗುವ ಸಂಖ್ಯೆ ಅದೇ.

ಜೂನ್ 14ಕ್ಕೆ ಎರಡನೇ ಪತ್ರ. ಕಳಿಸಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಅದು ಹೀಗಾಗುತ್ತದೆ:

"ವಿಷಯ: ಡೂಪ್ಲಿಕೇಟ್ ಪೇಮೆಂಟ್ – ಒಂದೇ ಖಾತೆ, ಒಂದೇ ಅವಧಿ, ಎರಡು ಇನ್‌ವಾಯ್ಸ್

ನಮಸ್ಕಾರ. ನಾನು ಪ್ಲ್ಯಾನ್ ರದ್ದು ಮಾಡುತ್ತಿಲ್ಲ, ಮುಂದುವರಿಸುತ್ತಿದ್ದೇನೆ. ಜೂನ್ 11ರಂದು ನನ್ನ ಒಂದೇ ಲೈಸೆನ್ಸ್‌ಗೆ ಎರಡು ಸಲ ಹಣ ಬಂದಿದೆ.

ಬೆಳಿಗ್ಗೆ 6:40, ಕಾರ್ಡ್ ಆಟೋ-ಪೇ, ₹11,798.82, ಇನ್‌ವಾಯ್ಸ್ …417. ಇದು ಸರಿಯಾದದ್ದು, ಇದನ್ನು ಹಾಗೇ ಇಡಿ.
ಬೆಳಿಗ್ಗೆ 9:20, ಯುಪಿಐ, ₹11,798.82, ಇನ್‌ವಾಯ್ಸ್ …431. ಇದು ಹೆಚ್ಚಿನದು. ಯುಟಿಆರ್ ಸಂಖ್ಯೆ ಲಗತ್ತಿನಲ್ಲಿದೆ.

ಎರಡೂ ಇನ್‌ವಾಯ್ಸ್‌ಗಳ ಅವಧಿ ಒಂದೇ. ಖಾತೆಯಲ್ಲಿ ಪ್ಲ್ಯಾನ್ ಮುಗಿಯುವುದು ಮುಂದಿನ ಜೂನ್ 10ಕ್ಕೆ, ಅಂದರೆ ಎರಡನೇ ಪಾವತಿಗೆ ಯಾವ ಸೇವೆಯೂ ಸೇರಿಲ್ಲ. ದಯವಿಟ್ಟು …431ರ ಪೂರ್ತಿ ಮೊತ್ತವನ್ನು ಅದು ಬಂದ ಬ್ಯಾಂಕ್ ಖಾತೆಗೇ ಹಿಂದಿರುಗಿಸಿ, ರೀಫಂಡ್‌ನ ರೆಫರೆನ್ಸ್ ಸಂಖ್ಯೆ ಮತ್ತು ಕ್ರೆಡಿಟ್ ನೋಟ್ ಕಳಿಸಿ. ಇದು ರೀಫಂಡ್ ನೀತಿಗೆ ಸಂಬಂಧಿಸಿದ್ದಲ್ಲ, ಬಿಲ್ಲಿಂಗ್ ವಿಭಾಗಕ್ಕೆ ವರ್ಗಾಯಿಸಬೇಕಾಗಿ ವಿನಂತಿ. ಜೂನ್ 21ರೊಳಗೆ ಉತ್ತರ ನಿರೀಕ್ಷಿಸುತ್ತೇನೆ."

ಕ್ರೆಡಿಟ್ ನೋಟ್ ಅಂದರೆ ಇನ್‌ವಾಯ್ಸ್‌ನ ಮೊತ್ತ ಕಡಿತ ಮಾಡಿದ್ದೇವೆ ಅಂತ ಕಂಪನಿ ಕೊಡುವ ಚೀಟಿ. ಲಗತ್ತು ನಾಲ್ಕು: ಎರಡು ಇನ್‌ವಾಯ್ಸ್, ಬಿಲ್ಲಿಂಗ್ ಪುಟದ ಸ್ಕ್ರೀನ್‌ಶಾಟ್, ಯುಪಿಐ ವಿವರ. ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ ಕಳಿಸಲಿಲ್ಲ. ನನಗೆ ಯಾವ ಪ್ರಕಾಶಕರು ಎಷ್ಟು ಕೊಟ್ಟಿದ್ದಾರೆ ಅಂತ ಅವರಿಗೆ ಯಾಕೆ ಗೊತ್ತಾಗಬೇಕು. ಹೊಸ ಟಿಕೆಟ್ ತೆರೆಯಲೂ ಇಲ್ಲ, ಹಳೆಯದಕ್ಕೇ ವಿಷಯದ ಸಾಲು ಬದಲಿಸಿ ಉತ್ತರಿಸಿದೆ. ಎರಡು ಟಿಕೆಟ್ ಆದರೆ ಇಬ್ಬರು ಎರಡು ಥರ ಹೇಳುತ್ತಾರೆ.

17ಕ್ಕೆ ಬಿಲ್ಲಿಂಗ್‌ನವರೇ ಬರೆದರು. ಕಾರ್ಡಿನ ಸುದ್ದಿ ತಡವಾದದ್ದನ್ನು ಒಪ್ಪಿಕೊಂಡು, ಹೆಚ್ಚಿಗೆ ಬಂದದ್ದನ್ನು ಇನ್ನೊಂದು ವರ್ಷದ ಪ್ಲ್ಯಾನ್ ಆಗಿ ಸೇರಿಸುತ್ತೇವೆ ಅಂದರು. ಕೇಳಲು ಚೆನ್ನಾಗಿಯೇ ಇತ್ತು, ಮುಂದಿನ ವರ್ಷ ಬೆಲೆ ಏರಿದರೂ ನನಗೆ ತಾಗುವುದಿಲ್ಲ. ಆದರೆ ಮನೆ ಬಾಡಿಗೆ ಕಟ್ಟಬೇಕಿದ್ದದ್ದು ಈ ತಿಂಗಳು. ಬೇಡ, ದುಡ್ಡೇ ಬೇಕು ಅಂತ ಒಂದೇ ಸಾಲು ಬರೆದೆ.

19ಕ್ಕೆ ಒಪ್ಪಿದರು, ₹9,999 ಹಿಂದಿರುಗಿಸುತ್ತೇವೆ ಅಂತ. ತೆರಿಗೆಯ ₹1,799.82 ಸರ್ಕಾರಕ್ಕೆ ಸೇರಿದ್ದು ಅನ್ನುವ ಧಾಟಿ. ಇಲ್ಲಿ ನಾನು ಸುಮ್ಮನಾಗಿಬಿಡುತ್ತಿದ್ದೆನೋ ಏನೋ, ಎದುರು ಮನೆಯಲ್ಲಿ ಆಡಿಟರ್ ಆಫೀಸಿಗೆ ಹೋಗುವ ಮಂಜಣ್ಣ ಇದ್ದರು. "ಅಯ್ಯೋ, ಅದಕ್ಕೇ ಅಲ್ವೇನಮ್ಮಾ ಕ್ರೆಡಿಟ್ ನೋಟು? ಅವ್ರು ಕ್ರೆಡಿಟ್ ನೋಟ್ ಹಾಕಿದ್ರೆ ಆ ಟ್ಯಾಕ್ಸು ಅವ್ರ ಲೆಕ್ಕದಲ್ಲೂ ಕಮ್ಮಿ ಆಗುತ್ತೆ. ಪೂರ್ತಿ ಕೇಳು" ಅಂದರು. ನಾನು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಆ ತೆರಿಗೆಯನ್ನು ಬೇರೆಲ್ಲೂ ವಜಾ ಮಾಡಿಕೊಳ್ಳಲು ಆಗುವುದಿಲ್ಲ. ನೋಂದಣಿ ಇದ್ದವರಾದರೆ ಇನ್ನೊಂದು ಎಚ್ಚರ ಬೇಕು: ಎರಡೂ ಇನ್‌ವಾಯ್ಸ್ ಅವರ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತವೆ, ಹೆಚ್ಚಿನದಕ್ಕೆ ಇನ್‌ಪುಟ್ ಕ್ರೆಡಿಟ್, ಅಂದರೆ ಕಟ್ಟಿದ ತೆರಿಗೆಯ ವಜಾ, ತಗೊಂಡಿದ್ದರೆ ಅದನ್ನು ವಾಪಸ್ ಮಾಡಬೇಕು. ಮಂಜಣ್ಣ ಹೇಳಿದ್ದನ್ನೇ ಎರಡು ಸಾಲಿನಲ್ಲಿ ಬರೆದೆ. ಮರುದಿನ ₹11,798.82 ಅಂತ ತಿದ್ದಿದ ಉತ್ತರ, ಕೆಳಗೆ ರೀಫಂಡ್ ರೆಫರೆನ್ಸ್ ಸಂಖ್ಯೆ, ಐದರಿಂದ ಏಳು ಕೆಲಸದ ದಿನ ಕಾಯಿರಿ ಅಂತ.

ಕಾದೆ. ದಿನಾ ಬ್ಯಾಂಕ್ ಆ್ಯಪಿನಲ್ಲಿ ಕಂಪನಿಯ ಹೆಸರು ಹುಡುಕಿದೆ, ಇಲ್ಲ. 27ಕ್ಕೆ ಸಿಟ್ಟಿನಿಂದ ಇನ್ನೊಂದು ಪತ್ರ ಬರೆಯಲು ಕೂತಾಗ ಮೊತ್ತವನ್ನೇ ಹುಡುಕೋಣ ಅನ್ನಿಸಿ 11798.82 ಅಂತ ಹೊಡೆದೆ. ಹಿಂದಿನ ದಿನವೇ ಬಂದು ಕೂತಿತ್ತು, ಕಂಪನಿಯ ಹೆಸರಿನಲ್ಲಲ್ಲ, ನಾನು ಕೇಳೇ ಇರದ ಪೇಮೆಂಟ್ ಗೇಟ್‌ವೇ ಹೆಸರಿನಲ್ಲಿ. ಪಕ್ಕದಲ್ಲಿದ್ದ ಸಂಖ್ಯೆ ಅವರು ಕೊಟ್ಟ ರೆಫರೆನ್ಸ್‌ಗೆ ಸರಿಯಾಗಿ ಹೊಂದುತ್ತಿತ್ತು.

ಕ್ರೆಡಿಟ್ ನೋಟ್ ಮಾತ್ರ ಇನ್ನೂ ಎರಡು ದಿನ ತಡವಾಗಿ ಬಂತು. ಅದನ್ನು ಮುದ್ರಿಸಿ ಮಂಜಣ್ಣನಿಗೆ ಕೊಟ್ಟೆ. …431ರ ಇನ್‌ವಾಯ್ಸ್‌ಗೆ ಸೇರಿಸಿ ಸ್ಟೇಪಲ್ ಹೊಡೆದು, ಮೇಲೆ ಪೆನ್ಸಿಲ್‌ನಲ್ಲಿ "ಖರ್ಚಿಗೆ ಹಿಡಿಯಬಾರದು" ಅಂತ ಬರೆದು ಫೈಲಿಗೆ ಹಾಕಿದರು.